ಎರಡು ನಿಮಿಷದಲ್ಲಿ ಎಷ್ಟು ಮಾತು ಹಿಡಿಸುತ್ತದೆ?

ಜಾಹೀರಾತು ಮತ್ತು ಉತ್ಪನ್ನ ಪರಿಚಯದ ವಿಡಿಯೊಗಳಿಗೆ ಹಿನ್ನೆಲೆ ಮಾತು ಬರೆಯುವ ಬಗ್ಗೆ ಈ ಸಲ ಹಲವು ಪತ್ರಗಳು ಬಂದಿವೆ. ಮೊದಲನೆಯದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಿದ್ದೇನೆ. ಉಳಿದ ಪತ್ರಗಳ ತೊಡಕೆಲ್ಲ ಅದರಲ್ಲೇ ಬೇರುಬಿಟ್ಟಿದೆ.

ಪ್ರಶ್ನೆ: ನಮ್ಮದು ಮನೆ ಬಳಕೆಯ ಹಿಟ್ಟಿನ ಗಿರಣಿ ತಯಾರಿಸುವ ಸಣ್ಣ ಘಟಕ. ಎರಡು ನಿಮಿಷದ ವಿಡಿಯೊ ಮಾಡಿಸಲು ಹೊರಟೆವು. ನನ್ನ ಮಗ ಇಂಟರ್‌ನೆಟ್‌ನಲ್ಲಿ ನೋಡಿ, ನಿಮಿಷಕ್ಕೆ 150 ಪದ ಎಂದು ಲೆಕ್ಕ ಹಾಕಿ, 300 ಪದಗಳ ಸ್ಕ್ರಿಪ್ಟ್ ಬರೆದ. ಸ್ಟುಡಿಯೊದಲ್ಲಿ ಕಲಾವಿದೆ ಓದಿದಾಗ 3 ನಿಮಿಷ 20 ಸೆಕೆಂಡ್ ಆಯಿತು. ಬೇಗ ಓದಿ ಎಂದೆವು. 2 ನಿಮಿಷ 50 ಸೆಕೆಂಡಿಗಿಂತ ಕೆಳಗೆ ಇಳಿಯಲಿಲ್ಲ. ಅದೂ ಬಸ್ ಸ್ಟ್ಯಾಂಡಿನ ಪ್ರಕಟಣೆ ಕೇಳಿದ ಹಾಗಿದೆ. ತಪ್ಪು ಕಲಾವಿದೆಯದೋ ಸ್ಕ್ರಿಪ್ಟಿನದೋ? ಸ್ಕ್ರಿಪ್ಟ್ ಜೊತೆಗಿಟ್ಟಿದ್ದೇನೆ.
— ಓದುಗರು, ತುಮಕೂರು

ಉತ್ತರ: ಕಲಾವಿದೆಯದಂತೂ ಅಲ್ಲ. ಅವರು ಮೊದಲ ಸಲ ಓದಿದ್ದೇ ಸರಿಯಾದ ವೇಗ. ತಪ್ಪಿದ್ದು ಲೆಕ್ಕ ಹಾಕಿದ ಅಳತೆಗೋಲು.

ನಿಮಿಷಕ್ಕೆ 150 ಪದ ಎಂಬುದು ಇಂಗ್ಲಿಷಿನ ಲೆಕ್ಕ. ಅಲ್ಲಿ ವಿಭಕ್ತಿ, ಕಾಲ, ಸಂಬಂಧ ಹೆಚ್ಚಾಗಿ ಬಿಡಿಬಿಡಿ ಸಣ್ಣ ಪದಗಳಾಗಿ ನಿಲ್ಲುತ್ತವೆ, ಪ್ರತಿಯೊಂದೂ ಎಣಿಕೆಗೆ ಸೇರುತ್ತದೆ. ನಾವು ಅವನ್ನೆಲ್ಲ ಪದದ ಬಾಲಕ್ಕೆ ಕಟ್ಟುತ್ತೇವೆ. ‘ಬೀಸಿಕೊಳ್ಳಬಹುದಾಗಿದೆ’ ಎಂಬುದು ಕಂಪ್ಯೂಟರಿನ ಎಣಿಕೆಯಲ್ಲಿ ಒಂದು ಪದ, ‘ಈ’ ಎಂಬುದೂ ಒಂದು ಪದ. ಬಾಯಿಗೆ ಮೊದಲನೆಯದು ಒಂಬತ್ತು ಅಕ್ಷರ, ಎರಡನೆಯದು ಒಂದೇ. ಆದ್ದರಿಂದ ಕನ್ನಡದ ಸ್ಕ್ರಿಪ್ಟನ್ನು ಪದಗಳಲ್ಲಿ ಅಳೆದರೆ ಅಂದಾಜು ಎತ್ತಲೋ ಹೋಗುತ್ತದೆ. ಅಕ್ಷರಗಳಲ್ಲಿ ಅಳೆಯಬೇಕು. ಒತ್ತಕ್ಷರವನ್ನು ಒಂದೆಂದೇ ಎಣಿಸಿ. ‘ಪ್ಯಾಕೆಟ್’ನ ಕೊನೆಯ ಟ್ ಥರದ ಅರ್ಧಾಕ್ಷರವನ್ನು ಬಿಟ್ಟುಬಿಡಿ.

ನಿಮ್ಮ ಸ್ಕ್ರಿಪ್ಟಿನಲ್ಲಿ ಹಾಗೆ ಎಣಿಸಿದರೆ 1,040 ಅಕ್ಷರ ಸಿಗುತ್ತವೆ. ಕಲಾವಿದೆ ತೆಗೆದುಕೊಂಡದ್ದು 200 ಸೆಕೆಂಡ್. ಅಂದರೆ ಸೆಕೆಂಡಿಗೆ ಐದು ಚಿಲ್ಲರೆ ಅಕ್ಷರ. ಉಸಿರಿಗೂ ವಾಕ್ಯದ ಕೊನೆಗೂ ನಿಲ್ಲುವುದನ್ನು ಸೇರಿಸಿಕೊಂಡು, ಕೇಳುವವರಿಗೆ ಹಿತವೆನಿಸುವ ಕನ್ನಡದ ಹಿನ್ನೆಲೆ ಮಾತು ಸಾಮಾನ್ಯವಾಗಿ ಇದೇ ಆಸುಪಾಸಿನಲ್ಲಿರುತ್ತದೆ. ಸೆಕೆಂಡಿಗೆ ಐದು ಎಂದು ಹಿಡಿದು ಬರೆದರೆ ನಾನು ನೋಡಿದಂತೆ ಸ್ಟುಡಿಯೊದಲ್ಲಿ ಜಗಳ ಬರುವುದಿಲ್ಲ. ಎರಡನೇ ಸಲ ನೀವು ಓಡಿಸಿದಾಗ ಅದು ಆರನ್ನು ದಾಟಿತು. ಆ ವೇಗ ಸುದ್ದಿಯ ಮುಖ್ಯಾಂಶಕ್ಕೆ ನಡೆದೀತು. ಕಣ್ಣು ಚಿತ್ರ ನೋಡುತ್ತಿರುವಾಗ ಕಿವಿಗೆ ಅದು ಹೆಚ್ಚು. ನಿಮ್ಮ ಮಗನ ಲೆಕ್ಕದಂತೆ ಪೂರ್ತಿ ಎರಡು ನಿಮಿಷಕ್ಕೆ ಇಳಿಸಬೇಕಾದರೆ ಸೆಕೆಂಡಿಗೆ ಎಂಟೂವರೆಗಿಂತ ಹೆಚ್ಚು ಅಕ್ಷರ ಬೇಕಿತ್ತು. ಕೇಳುವವರಿಗೆ ಅರ್ಥವಾಗುವಂತೆ ಅಷ್ಟು ಬೇಗ ಓದುವುದು ಆಗದ ಕೆಲಸ. ಪದಗಳಲ್ಲೇ ಹೇಳಿ ಎಂದು ಗಿರಾಕಿ ಹಟ ಹಿಡಿದರೆ, ನಿಮ್ಮಂಥ ಬರವಣಿಗೆಗೆ ನಿಮಿಷಕ್ಕೆ 85ರಿಂದ 90 ಪದ ಎನ್ನಿ.

ಇನ್ನೊಂದು ವಿಚಾರ. ಎರಡು ನಿಮಿಷದ ವಿಡಿಯೊದಲ್ಲಿ ಮಾತಿಗೆ ಎರಡು ನಿಮಿಷವಿರುವುದಿಲ್ಲ. ಗಿರಣಿಯ ವಿಡಿಯೊ ನೋಡುವವರಿಗೆ ಮುಖ್ಯವಾಗಿ ಕೇಳಬೇಕಾದದ್ದು ಅದರ ಸದ್ದು. ಫ್ಲ್ಯಾಟಿನಲ್ಲಿರುವವರು ಬೆಳಗ್ಗೆ ಆರಕ್ಕೆ ಇದನ್ನು ಹಾಕಿದರೆ ಪಕ್ಕದ ಮನೆಯವರು ಏನೆಂದಾರು ಎಂಬುದೇ ಅವರ ಚಿಂತೆ. ಆ ಸದ್ದನ್ನು ಮಾತಿನಿಂದ ಮುಚ್ಚಬಾರದು. ಧಾನ್ಯ ಸುರಿಯುವಾಗ ನಾಲ್ಕೈದು ಸೆಕೆಂಡ್, ಬೀಸುವಾಗ ಎಂಟೊಂಬತ್ತು ಸೆಕೆಂಡ್, ಕೊನೆಯಲ್ಲಿ ಹೆಸರು ಮತ್ತು ಫೋನ್ ನಂಬರ್ ತೆರೆಯ ಮೇಲೆ ನಿಲ್ಲಲು ಐದಾರು ಸೆಕೆಂಡ್ ತೆಗೆದರೆ ಮಾತಿಗೆ ಉಳಿಯುವುದು ಸುಮಾರು 100 ಸೆಕೆಂಡ್. ಅಂದರೆ 500 ಅಕ್ಷರ. ನಿಮ್ಮಲ್ಲಿರುವುದರ ಅರ್ಧಕ್ಕೂ ಕಡಿಮೆ.

ಅರ್ಧ ಕತ್ತರಿಸುವುದು ಹೇಗೆ? ಸಾಲು ಸಾಲಾಗಿ ಒಂದೊಂದು ಪದ ಕೀಳುತ್ತ ಕೂತರೆ ಆಗುವುದಿಲ್ಲ. ಚಿತ್ರವೇ ಹೇಳುತ್ತಿರುವುದನ್ನು ಮಾತು ಮತ್ತೆ ಹೇಳುವ ಕಡೆ ಕೈಹಾಕಬೇಕು. ನಿಮ್ಮ ಸ್ಕ್ರಿಪ್ಟಿನ ಆರಂಭ ಹೀಗಿದೆ:

‘ಇಂದಿನ ಧಾವಂತದ ಜೀವನಶೈಲಿಯಲ್ಲಿ ನಮ್ಮ ಆರೋಗ್ಯದ ಬಗ್ಗೆ ಗಮನ ಹರಿಸಲು ಸಮಯವೇ ಸಿಗುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಪ್ಯಾಕೆಟ್ ಹಿಟ್ಟು ಎಷ್ಟು ದಿನದ ಹಿಂದೆ ಬೀಸಿದ್ದು ಎಂಬುದು ನಮಗೆ ತಿಳಿದಿರುವುದಿಲ್ಲ.’

ಇದು 21 ಪದ, 74 ಅಕ್ಷರ, ಹತ್ತಿರಹತ್ತಿರ 15 ಸೆಕೆಂಡ್. ನಿಮ್ಮ ಮಗನ ಲೆಕ್ಕದಲ್ಲಿ ಇದಕ್ಕೆ ಎಂಟೂವರೆ ಸೆಕೆಂಡಾಗಿತ್ತು. ವ್ಯತ್ಯಾಸ ಶುರುವಾದದ್ದೇ ಇಲ್ಲಿಂದ. ಧಾವಂತದ ಜೀವನಶೈಲಿಯಿಂದ ಶುರುವಾಗದ ಜಾಹೀರಾತನ್ನು ನಾನು ಇತ್ತೀಚೆಗೆ ನೋಡಿಲ್ಲ. ಟೂತ್‌ಪೇಸ್ಟಿಗೂ ಅದೇ, ಇನ್ಶೂರೆನ್ಸಿಗೂ ಅದೇ. ಅದನ್ನು ತೆಗೆದರೆ ನಿಮ್ಮ ಗಿರಣಿಗೆ ಏನೂ ನಷ್ಟವಿಲ್ಲ. ಎರಡನೇ ವಾಕ್ಯದಲ್ಲಿ ಮಾತ್ರ ಸರಕಿದೆ. ಬಟ್ಟಲಿಗೆ ಬಿಸಿ ಹಿಟ್ಟು ಬೀಳುವ ಶಾಟ್ ಮೇಲೆ ಹೀಗೆ ಹೇಳಿ ನೋಡಿ:

‘ಈ ಹಿಟ್ಟು ಬೀಸಿದ್ದು ಯಾವಾಗ? ಈಗ, ಇಲ್ಲೇ, ನಮ್ಮ ಅಡುಗೆಮನೆಯಲ್ಲಿ.’

22 ಅಕ್ಷರ, ನಾಲ್ಕೂವರೆ ಸೆಕೆಂಡ್. ಪ್ರಶ್ನೆಯ ನಂತರ ಒಂದು ಸೆಕೆಂಡ್ ನಿಂತರೂ ಆರರೊಳಗೆ ಮುಗಿಯುತ್ತದೆ. ಒಂಬತ್ತು ಸೆಕೆಂಡ್ ಉಳಿಯಿತು.

ಜರಡಿಯ ಸಾಲಿಗೂ ಇದೇ ಕಾಯಿಲೆ. ‘ಈ ಯಂತ್ರದ ವಿಶೇಷತೆ ಏನೆಂದರೆ ಇದರಲ್ಲಿ ವಿವಿಧ ಬಗೆಯ ಆರು ಜರಡಿಗಳನ್ನು ನೀಡಲಾಗಿದ್ದು, ಇದರಿಂದ ನಿಮಗೆ ಬೇಕಾದ ಪ್ರಮಾಣದಲ್ಲಿ ನುಣ್ಣಗೆ ಅಥವಾ ತರಿತರಿಯಾಗಿ ಬೀಸಿಕೊಳ್ಳಬಹುದಾಗಿದೆ.’ 71 ಅಕ್ಷರ, 14 ಸೆಕೆಂಡ್. ಮೇಜಿನ ಮೇಲೆ ಆರೂ ಜರಡಿಗಳನ್ನು ಸಾಲಾಗಿ ಇಟ್ಟು ತೋರಿಸಿದ್ದೀರಿ. ಹಾಗಿದ್ದ ಮೇಲೆ ‘ವಿವಿಧ ಬಗೆಯ’ ಎನ್ನುವ ಕೆಲಸವನ್ನು ಕ್ಯಾಮೆರಾ ಆಗಲೇ ಮಾಡಿಯಾಗಿದೆ. ಮಾತಿಗೆ ಉಳಿದದ್ದು ಇಷ್ಟು: ‘ಜರಡಿ ಆರು. ರೊಟ್ಟಿಗೆ ನುಣ್ಣಗೆ, ಉಪ್ಪಿಟ್ಟಿಗೆ ತರಿ. ಬದಲಿಸುವುದು ಹೀಗೆ.’ ಇದು 25 ಅಕ್ಷರ. ‘ಹೀಗೆ’ ಎಂದಾದ ಮೇಲೆ ಮಾತು ನಿಲ್ಲಲಿ, ಕೈ ಜರಡಿಯನ್ನು ಎಳೆದು ಇನ್ನೊಂದನ್ನು ತೂರಿಸುವುದು ಕಾಣಲಿ.

‘ನೀಡಲಾಗಿದ್ದು’, ‘ಹೊಂದಿರುತ್ತದೆ’, ‘ಮಾಡಬಹುದಾಗಿದೆ’ ಎಂಬ ಕಚೇರಿ ಕ್ರಿಯಾಪದಗಳು ನಿಮ್ಮ ಸ್ಕ್ರಿಪ್ಟಿನ ತುಂಬ ಇವೆ. ಪದದ ಎಣಿಕೆಯಲ್ಲಿ ಅವು ಒಂದೊಂದೇ ಆದ್ದರಿಂದ ನಿಮ್ಮ ಮಗನ ಕಣ್ಣಿಗೆ ಬಿದ್ದಿಲ್ಲ. ‘ಬೀಸಿಕೊಳ್ಳಬಹುದಾಗಿದೆ’ ಹೋಗಿ ‘ಬೀಸಬಹುದು’ ಬಂದರೆ ನಾಲ್ಕು ಅಕ್ಷರ ಉಳಿತಾಯ. ಇಂಥವನ್ನೆಲ್ಲ ಸರಿಪಡಿಸಿದರೆ ಮಾಹಿತಿ ಒಂದೂ ಕಳೆಯದೆ ಹತ್ತು ಸೆಕೆಂಡಾದರೂ ಕೈಗೆ ಬರುತ್ತದೆ.

ಇಡೀ ವಿಡಿಯೊಗೆ ಹಂಚಿಕೆ ಹೀಗಿರಲಿ. ಮೊದಲ 10 ಸೆಕೆಂಡಿಗೆ ಆ 22 ಅಕ್ಷರ, ಉಳಿದದ್ದು ಧಾನ್ಯ ಸುರಿಯುವ ಸದ್ದು. ಮುಂದಿನ 25 ಸೆಕೆಂಡ್ ರಾಗಿ, ಜೋಳ, ಗೋಧಿ ಮತ್ತು ಜರಡಿಗೆ, 115 ಅಕ್ಷರ. ಆಮೇಲೆ ಬೀಸುವ 25 ಸೆಕೆಂಡ್. ಅದರಲ್ಲಿ ಒಂಬತ್ತು ಸೆಕೆಂಡ್ ಯಂತ್ರಕ್ಕೇ ಬಿಟ್ಟು ಮಾತಿಗೆ 80 ಅಕ್ಷರ. ಶುಚಿ ಮಾಡುವುದು ಮತ್ತು ಸುರಕ್ಷತೆಗೆ 25 ಸೆಕೆಂಡ್, 115. ಮೋಟಾರು, ಕರೆಂಟು, ಸರ್ವಿಸಿಗೆ 20 ಸೆಕೆಂಡ್, 90. ಕೊನೆಯ 15 ಸೆಕೆಂಡಿಗೆ 45. ಒಟ್ಟು 467 ಅಕ್ಷರ, ಸುಮಾರು 135 ಪದ. ಐನೂರಕ್ಕೆ ಮೂವತ್ತು ಕಮ್ಮಿ ಇಟ್ಟದ್ದು ಬೇಕೆಂದೇ. ಚಿಕ್ಕ ಚಿಕ್ಕ ವಾಕ್ಯ ಬರೆದಾಗ ಪೂರ್ಣವಿರಾಮಗಳು ಜಾಸ್ತಿಯಾಗುತ್ತವೆ, ಒಂದೊಂದೂ ಅರ್ಧ ಸೆಕೆಂಡ್ ತಿನ್ನುತ್ತದೆ.

ಬರೆದಾದ ಮೇಲೆ ಎದ್ದು ನಿಂತು, ಮೊಬೈಲಿನ ಸ್ಟಾಪ್‌ವಾಚ್ ಹಾಕಿ, ಗಟ್ಟಿಯಾಗಿ ಓದಿ. ಕಣ್ಣಲ್ಲೇ ಓದಿದರೆ ಎಲ್ಲ ಸ್ಕ್ರಿಪ್ಟೂ ಎರಡು ನಿಮಿಷಕ್ಕೆ ಹಿಡಿಸುತ್ತದೆ.

ಪ್ರಶ್ನೆ: ನಾನು ವಿಡಿಯೊ ಎಡಿಟರ್. ಅಕ್ಷರ ಎಣಿಸಿ ಅಂತೀರಿ ಸರ್, ಆದರೆ ಕೈಯಿಂದ ಐನೂರು ಅಕ್ಷರ ಎಣಿಸೋದು ಯಾರು? ಸಾಫ್ಟ್‌ವೇರ್ ತೋರಿಸುವ ‘ಕ್ಯಾರೆಕ್ಟರ್’ ಸಂಖ್ಯೆಯನ್ನೇ ತಗೊಂಡರೆ ನಡೀತದೇನ್ರಿ?
— ಓದುಗರು, ಹುಬ್ಬಳ್ಳಿ

ಉತ್ತರ: ನಡೆಯುವುದಿಲ್ಲ. ಯೂನಿಕೋಡಿನಲ್ಲಿ ‘ಹಿಟ್ಟು’ ಎಂಬುದು ಹ, ಗುಡಿಸು, ಟ, ವಿರಾಮ ಚಿಹ್ನೆ, ಮತ್ತೆ ಟ, ಕೊಂಬು ಎಂದು ಆರು ತುಣುಕಾಗಿ ಕೂತಿರುತ್ತದೆ. ಸಾಫ್ಟ್‌ವೇರ್ ಆ ಆರನ್ನೂ ಎಣಿಸುತ್ತದೆ. ಬಾಯಿಗೆ ಅದು ಎರಡೇ.

ಆದರೆ ಅದೇ ಯೂನಿಕೋಡಿನಿಂದ ಒಂದು ಸುಲಭದ ದಾರಿಯೂ ಸಿಗುತ್ತದೆ. ಸ್ವರ ಮತ್ತು ವ್ಯಂಜನಗಳ ಒಟ್ಟು ಸಂಖ್ಯೆಯಿಂದ ವಿರಾಮ ಚಿಹ್ನೆಗಳ ಸಂಖ್ಯೆ ಕಳೆದರೆ ಉಳಿಯುವುದೇ ಅಕ್ಷರಗಳ ಲೆಕ್ಕ. ‘ಹಿಟ್ಟು’ವಿನಲ್ಲಿ ಮೂರು ವ್ಯಂಜನ, ಒಂದು ವಿರಾಮ: ಎರಡು. ‘ಪ್ಯಾಕೆಟ್’ನಲ್ಲಿ ನಾಲ್ಕು ವ್ಯಂಜನ, ಎರಡು ವಿರಾಮ: ಅದೂ ಎರಡು. ಕೊನೆಯ ಅರ್ಧಾಕ್ಷರ ತಾನಾಗಿ ಬಿಟ್ಟುಹೋಗುತ್ತದೆ. ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಇಷ್ಟು ಸಾಕು:

```python
import re
t = open("script.txt", encoding="utf-8").read()
n = len(re.findall("[\u0C85-\u0CB9]", t)) - t.count("\u0CCD")
print(n, n / 5)
```

ಮೊದಲು ಬರುವುದು ಅಕ್ಷರಗಳ ಸಂಖ್ಯೆ, ಎರಡನೆಯದು ಸೆಕೆಂಡ್. ಫೈಲಿನಲ್ಲಿ ಬರೀ ಮಾತು ಇರಲಿ. ದೃಶ್ಯದ ವಿವರಣೆಯ ಕಾಲಂ ಸೇರಿಕೊಂಡರೆ ಅದನ್ನೂ ಎಣಿಸಿಬಿಡುತ್ತದೆ. ಅಂಕಿಗಳನ್ನು, ಇಂಗ್ಲಿಷ್ ಲಿಪಿಯನ್ನು ಇದು ಎಣಿಸುವುದೇ ಇಲ್ಲ. ಆದ್ದರಿಂದ ಎಲ್ಲವನ್ನೂ ಉಚ್ಚರಿಸುವ ಹಾಗೆ ಕನ್ನಡದಲ್ಲಿ ಬರೆದಿರಬೇಕು. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಉತ್ತರ ಸೊನ್ನೆ ಬರುತ್ತದೆ ಇಲ್ಲವೆ ದೋಷ ತೋರಿಸಿ ನಿಲ್ಲುತ್ತದೆ.

ಐದರಿಂದ ಭಾಗಿಸುವುದು ಎಲ್ಲರಿಗೂ ಒಪ್ಪುವ ಸಂಖ್ಯೆಯಲ್ಲ ಎಂಬುದು ನೆನಪಿರಲಿ. ಒಬ್ಬ ಕಲಾವಿದರು ನಾಲ್ಕೂವರೆಯಲ್ಲಿ ಚೆನ್ನಾಗಿ ಓದುತ್ತಾರೆ, ಇನ್ನೊಬ್ಬರಿಗೆ ಐದೂವರೆ ಸಲೀಸು. ನಿಮ್ಮಲ್ಲಿಗೆ ಪದೇ ಪದೇ ಬರುವ ದನಿಗಳು ಹಿಂದೆ ಓದಿದ ಟ್ರ್ಯಾಕ್‌ಗಳು ಹೇಗೂ ನಿಮ್ಮ ಬಳಿ ಇರುತ್ತವೆ. ಅವುಗಳ ಸ್ಕ್ರಿಪ್ಟನ್ನು ಇದರಲ್ಲಿ ಹಾಕಿ, ಟ್ರ್ಯಾಕಿನ ಸೆಕೆಂಡುಗಳಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಆಯಾ ಹೆಸರಿನ ಮುಂದೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ವಾಯ್ಸ್ ಓವರ್ ನನ್ನ ವೃತ್ತಿ. ಉದ್ದದ ಸ್ಕ್ರಿಪ್ಟ್ ಕೊಡುತ್ತಾರೆ, ಹಿಡಿಸುವುದಿಲ್ಲ ಎಂದರೆ ‘ನೀವು ಓದಿ ಮೇಡಂ, ಆಮೇಲೆ ಸಾಫ್ಟ್‌ವೇರಿನಲ್ಲಿ ಸ್ಪೀಡ್ ಮಾಡ್ಕೊತೀವಿ’ ಎನ್ನುತ್ತಾರೆ. ದನಿ ನನ್ನದು, ಕೆಟ್ಟ ಹೆಸರೂ ನನಗೇ. ಎಷ್ಟರ ತನಕ ಒಪ್ಪಿಕೊಳ್ಳಬಹುದು?
— ಓದುಗರು, ಮೈಸೂರು

ಉತ್ತರ: ಶೇಕಡಾ ಐದರ ತನಕ ಒಪ್ಪಿ. ಶ್ರುತಿ ಬದಲಾಗದ ಹಾಗೆ ಬರೀ ಕಾಲವನ್ನು ಕುಗ್ಗಿಸುವ ಸೌಲಭ್ಯ ಈಗ ಎಲ್ಲ ಎಡಿಟಿಂಗ್ ಸಾಫ್ಟ್‌ವೇರಿನಲ್ಲೂ ಇದೆ. ಅಷ್ಟು ಕುಗ್ಗಿದರೆ ಹೆಚ್ಚಿನವರ ಕಿವಿಗೆ ಗೊತ್ತಾಗುವುದಿಲ್ಲ. ಎರಡು ನಿಮಿಷದಲ್ಲಿ ಅದರಿಂದ ಆರು ಸೆಕೆಂಡ್ ಸಿಗುತ್ತದೆ. ಶೇಕಡಾ ಹತ್ತನ್ನು ದಾಟಿದರೆ ಕನ್ನಡಕ್ಕೆ ವಿಶೇಷವಾಗಿ ಪೆಟ್ಟು ಬೀಳುತ್ತದೆ. ನಮ್ಮಲ್ಲಿ ಹ್ರಸ್ವ ದೀರ್ಘಗಳ ಅಂತರ, ಒತ್ತಿನ ಮುಂದೆ ಕ್ಷಣ ತಡೆಯುವುದು, ಇವೇ ಅರ್ಥವನ್ನು ಬೇರೆ ಮಾಡುತ್ತವೆ. ಬಿಡಿಗೂ ಬೀಡಿಗೂ, ಹಳಿಗೂ ಹಳ್ಳಿಗೂ ಇರುವ ವ್ಯತ್ಯಾಸ ಸೆಕೆಂಡಿನ ಸಣ್ಣದೊಂದು ಚೂರಿನಲ್ಲಿದೆ. ಯಂತ್ರ ಎಲ್ಲವನ್ನೂ ಒಂದೇ ಸಮ ಒತ್ತುತ್ತದೆ. ಬೇಗ ಮಾತಾಡುವ ಮನುಷ್ಯ ಹಾಗೆ ಮಾಡುವುದಿಲ್ಲ. ನಿಲ್ಲುವುದನ್ನು ಕಡಿಮೆ ಮಾಡಿ ದೀರ್ಘವನ್ನು ಕಾಪಾಡಿಕೊಳ್ಳುತ್ತಾನೆ.

ತುಮಕೂರಿನವರ ಉದಾಹರಣೆಯನ್ನೇ ನೋಡಿ. 200 ಸೆಕೆಂಡನ್ನು 120ಕ್ಕೆ ಇಳಿಸುವುದೆಂದರೆ ಒಂದೂಮುಕ್ಕಾಲು ಪಟ್ಟಿನ ಹತ್ತಿರದ ವೇಗ. ಅದು ಹಿಂದೆ ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಯಲ್ಲಿ ಬರುತ್ತಿದ್ದ ಎಚ್ಚರಿಕೆಯ ಮಾತಿನ ವೇಗ. ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ಮೊದಲ ಪ್ಯಾರಾವನ್ನು ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿ, ‘ಈ ವೇಗದಲ್ಲಿ ಒಟ್ಟು ಇಷ್ಟು ನಿಮಿಷವಾಗುತ್ತದೆ’ ಎಂದು ಕಳಿಸಿಬಿಡಿ. ಸ್ಟುಡಿಯೊ ಬಾಡಿಗೆಯ ಮೀಟರ್ ಓಡುವಾಗ ಈ ಮಾತು ಎತ್ತಿದರೆ ಯಾರ ಕಿವಿಗೂ ಬೀಳುವುದಿಲ್ಲ.

ಪ್ರಶ್ನೆ: ನಮ್ಮ ವಿಡಿಯೊದ ಅರ್ಧ ಭಾಗ ಸರಿಯಾಗಿ ಕೂತಿದೆ. ಬೆಲೆ, ಮೋಟಾರಿನ ವಿವರ, ಫೋನ್ ನಂಬರ್ ಬರುವ ಕೊನೆಯ ಭಾಗ ಮಾತ್ರ ಪ್ರತಿ ಸಲ ಹತ್ತು ಹನ್ನೆರಡು ಸೆಕೆಂಡ್ ಜಾಸ್ತಿಯಾಗುತ್ತದೆ. ಅಲ್ಲಿರುವುದೋ ನಾಲ್ಕು ಸಾಲು.
— ಓದುಗರು, ಶಿವಮೊಗ್ಗ

ಉತ್ತರ: ಅಂಕಿಗಳನ್ನು ಅಂಕಿಯಲ್ಲೇ ಬರೆದಿದ್ದೀರಿ, ಅದೇ ಕಾರಣ. ‘₹18,499’ ಕಾಗದದ ಮೇಲೆ ಒಂದು ಪದ. ಬಾಯಲ್ಲಿ ‘ಹದಿನೆಂಟು ಸಾವಿರದ ನಾನೂರ ತೊಂಬತ್ತೊಂಬತ್ತು ರೂಪಾಯಿ’, 19 ಅಕ್ಷರ, ನಾಲ್ಕು ಸೆಕೆಂಡ್. ‘230 ವೋಲ್ಟ್’ ಏಳು ಅಕ್ಷರ. ಹತ್ತು ಅಂಕಿಯ ಮೊಬೈಲ್ ನಂಬರ್ ಬಿಡಿಬಿಡಿಯಾಗಿ ಹೇಳಿದರೆ 20ಕ್ಕಿಂತ ಹೆಚ್ಚು. ಅದನ್ನು ಯಾರೂ ಒಂದೇ ಉಸಿರಿಗೆ ಹೇಳುವುದಿಲ್ಲ, ಮಧ್ಯೆ ಎರಡು ಕಡೆ ನಿಲ್ಲುತ್ತಾರೆ. ಹೀಗೆ ಆರು ಸೆಕೆಂಡ್ ಹೋಗುತ್ತದೆ. ಎರಡು ಸಲ ಹೇಳಿಸಿದ್ದೀರಿ.

ರೇಡಿಯೊದಲ್ಲಾದರೆ ನಂಬರನ್ನು ಹೇಳಲೇಬೇಕು, ಎರಡು ಸಲವೂ ಹೇಳಬೇಕು. ವಿಡಿಯೊದಲ್ಲಿ ಕಣ್ಣ ಮುಂದೆಯೇ ಇರುವುದನ್ನು ಓದಿ ಹೇಳುವ ಅಗತ್ಯವಿಲ್ಲ. ನಂಬರ್ ತೆರೆಯ ಮೇಲೆ ಆರು ಸೆಕೆಂಡಾದರೂ ಅಲುಗಾಡದೆ ನಿಲ್ಲಲಿ, ದನಿ ‘ಕೆಳಗಿನ ನಂಬರಿಗೆ ಫೋನ್ ಮಾಡಿ’ ಎಂದರೆ ಸಾಕು. ಬೆಲೆಯನ್ನು ತೆರೆಯ ಮೇಲೆ ಪೂರ್ತಿ ಬರೆದು, ಮಾತಿನಲ್ಲಿ ‘ಹದಿನೆಂಟೂವರೆ ಸಾವಿರದ ಒಳಗೆ’ ಎನ್ನಿ. ಹದಿಮೂರು ಅಕ್ಷರ. ಜನ ಪಕ್ಕದ ಮನೆಯವರಿಗೆ ಬೆಲೆ ಹೇಳುವುದೂ ಹಾಗೆಯೇ.

ಅಂಕಿಯನ್ನು ಉಚ್ಚಾರದಂತೆ ಬರೆದುಕೊಟ್ಟರೆ ಇನ್ನೊಂದು ಲಾಭವಿದೆ. 1.5 ಎಂಬುದನ್ನು ‘ಒಂದೂವರೆ’ ಎನ್ನಬೇಕೋ ‘ಒಂದು ಪಾಯಿಂಟ್ ಐದು’ ಎನ್ನಬೇಕೋ ಎಂದು ಕಲಾವಿದರು ಮೈಕಿನ ಮುಂದೆ ನಿಂತು ಕೇಳಬೇಕಾಗುವುದಿಲ್ಲ.

ಪ್ರಶ್ನೆ: ನಮ್ಮ ಕಂಪನಿಯ ಇಂಗ್ಲಿಷ್ ವಿಡಿಯೊ ಸಿದ್ಧವಿದೆ. ಅದೇ ಚಿತ್ರಕ್ಕೆ ಕನ್ನಡ ಮಾತು ಕೂರಿಸಬೇಕು. ಒಟ್ಟು ಉದ್ದವನ್ನು ಸರಿಮಾಡಿಕೊಂಡೆ. ಆದರೂ ಮಾತು ಒಂದು ಕಡೆ, ಚಿತ್ರ ಒಂದು ಕಡೆ ಆಗುತ್ತಿದೆ.
— ಓದುಗರು, ಬೆಂಗಳೂರು

ಉತ್ತರ: ಒಟ್ಟು ಉದ್ದ ಹೊಂದಿದರೆ ಸಾಲದು, ಶಾಟ್ ಶಾಟಿಗೂ ಹೊಂದಬೇಕು. ಇಂಗ್ಲಿಷಿನಲ್ಲಿ ಕ್ರಿಯೆ ಮುಂಚೆಯೇ ಬಂದುಬಿಡುತ್ತದೆ, ನಮ್ಮಲ್ಲಿ ಅದು ವಾಕ್ಯದ ತುದಿಯಲ್ಲಿ. ‘ಬಾಗಿಲು ತೆರೆದರೆ ಮೋಟಾರ್ ತಾನಾಗಿ ನಿಲ್ಲುತ್ತದೆ’ ಎಂಬ ಸಾಲಿಗೆ ಮೂರು ಸೆಕೆಂಡ್. ಇಂಗ್ಲಿಷಿನವರು ಮೋಟಾರ್ ನಿಲ್ಲುವುದನ್ನು ಮೊದಲು ಹೇಳಿ, ಬಾಗಿಲಿನ ಮಾತನ್ನು ಆಮೇಲೆ ತಂದಿದ್ದರೆ ಚಿತ್ರವನ್ನೂ ಅದೇ ಕ್ರಮದಲ್ಲಿ ಕತ್ತರಿಸಿರುತ್ತಾರೆ. ಅದರ ಮೇಲೆ ನಮ್ಮ ಸಾಲನ್ನು ಹಾಕಿದರೆ ಬಾಗಿಲು ಎಂದಾಗ ಮೋಟಾರು ಕಾಣುತ್ತದೆ, ಮೋಟಾರು ಎಂದಾಗ ಬಾಗಿಲು. ಸಾಧ್ಯವಾದರೆ ಎಡಿಟರಿಗೆ ಹೇಳಿ ಆ ಎರಡು ಶಾಟ್‌ಗಳನ್ನು ಅದಲು ಬದಲು ಮಾಡಿಸಿ. ಆಗದಿದ್ದರೆ ವಾಕ್ಯವನ್ನು ಎರಡಾಗಿ ಒಡೆಯಿರಿ: ‘ಮೋಟಾರ್ ನಿಂತಿತು. ಬಾಗಿಲು ತೆರೆದಿದೆ, ಅದಕ್ಕೆ.’ ಅನುವಾದವನ್ನು ಮುಂದಿಟ್ಟುಕೊಳ್ಳದೆ, ಮಾತು ಆರಿಸಿದ ಚಿತ್ರವನ್ನು ನೋಡುತ್ತ, ಪ್ರತಿ ಶಾಟಿನ ಸೆಕೆಂಡಿಗೆ ಐದರ ಲೆಕ್ಕದಲ್ಲಿ ಹೊಸದಾಗಿ ಬರೆಯುವುದೇ ಕೊನೆಗೆ ಕಡಿಮೆ ಕೆಲಸ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಶಿಕ್ಷಕ. ಮೊಮ್ಮಗಳು ಇಂಥ ವಿಡಿಯೊಗಳಿಗೆ ಬರೆಯುತ್ತಾಳೆ. ಅಕ್ಷರ ಎಣಿಸುವುದಕ್ಕಿಂತ ಲಘು ಗುರು ಹಾಕಿ ಮಾತ್ರೆ ಎಣಿಸಿದರೆ ಕಾಲ ಇನ್ನೂ ಕರಾರುವಾಕ್ಕಾಗಿ ಸಿಗುವುದಿಲ್ಲವೆ ಎಂದು ಅವಳಿಗೆ ಹೇಳಿದೆ. ತಾವೇನನ್ನುತ್ತೀರಿ?
— ಓದುಗರು, ಧಾರವಾಡ

ಉತ್ತರ: ತಾವು ಹೇಳಿದ್ದರಲ್ಲಿ ಹುರುಳಿದೆ, ಆದರೆ ಸಣ್ಣ ಅಳತೆಗೆ ಮಾತ್ರ. ಐನೂರು ಅಕ್ಷರದ ಸ್ಕ್ರಿಪ್ಟಿನಲ್ಲಿ ಲಘು ಗುರುಗಳು ಬೆರೆತು ಸರಾಸರಿಗೆ ಬಂದುಬಿಡುತ್ತವೆ. ಅಕ್ಷರದ ಲೆಕ್ಕಕ್ಕೂ ಸ್ಟಾಪ್‌ವಾಚಿಗೂ ಅಂಥ ಜಗಳ ಇರುವುದಿಲ್ಲ. ಆಡುವ ಗದ್ಯ ಛಂದಸ್ಸಿನಂತೆ ನಡೆಯುವುದೂ ಇಲ್ಲ. ಗುರುವಿಗೆ ಲಘುವಿನ ಎರಡು ಪಟ್ಟು ಕಾಲ ಎಂಬುದು ಛಂದಸ್ಸಿನ ಲೆಕ್ಕದಲ್ಲಿ ನಿಜ, ಮೈಕಿನ ಮುಂದೆ ಅಷ್ಟಾಗಿ ಅಲ್ಲ. ವಾಕ್ಯದ ನಡುವೆ ದೀರ್ಘಗಳು ಕುಗ್ಗುತ್ತವೆ, ಕೊನೆಯಲ್ಲಿ ಹ್ರಸ್ವವೂ ಎಳೆದುಕೊಳ್ಳುತ್ತದೆ.

ಎರಡೇ ಸೆಕೆಂಡಿನ ಶಾಟಿಗೆ ಒಂದು ಸಾಲು ಬೇಕಾದಾಗ ಮಾತ್ರ ತಮ್ಮ ಮಾತ್ರೆಯೇ ಕೈಹಿಡಿಯುತ್ತದೆ. ‘ಹಗುರ, ಸರಳ, ಸುಲಭ’ ಒಂಬತ್ತು ಅಕ್ಷರ. ‘ಹೊಟ್ಟಿಲ್ಲ, ಧೂಳಿಲ್ಲ, ಸದ್ದಿಲ್ಲ’ ಕೂಡ ಒಂಬತ್ತೇ. (ಗಿರಣಿಗೆ ಸದ್ದಿಲ್ಲ ಎಂದರೆ ಯಾರೂ ನಂಬರು, ಉದಾಹರಣೆಗಷ್ಟೇ.) ಅಕ್ಷರದ ಲೆಕ್ಕ ಇವೆರಡನ್ನೂ ಸಮ ಎನ್ನುತ್ತದೆ. ಪ್ರಸ್ತಾರ ಹಾಕಿದರೆ ಮೊದಲನೆಯದು 9 ಮಾತ್ರೆ, ಎರಡನೆಯದು 15. ಮೊದಲನೆಯದು ಎರಡು ಸೆಕೆಂಡಿನೊಳಗೆ ಆರಾಮಾಗಿ ಕೂರುತ್ತದೆ. ಎರಡನೆಯದನ್ನು ಹಾಗೆ ಕೂರಿಸಲು ಹೋದರೆ ಒತ್ತುಗಳು ನುಂಗಿಹೋಗುತ್ತವೆ, ಇಲ್ಲವೆ ಮುಂದಿನ ಶಾಟಿನೊಳಗೆ ಕಾಲು ಚಾಚುತ್ತದೆ. ಮೊಮ್ಮಗಳು ಇಡೀ ಸ್ಕ್ರಿಪ್ಟಿಗೆ ಅಕ್ಷರ ಎಣಿಸಲಿ. ಇಂಥ ಒಂದೆರಡು ಇಕ್ಕಟ್ಟಿನ ಸಾಲುಗಳನ್ನು ತಮ್ಮ ಹತ್ತಿರ ತಂದು ಪ್ರಸ್ತಾರ ಹಾಕಿಸಿಕೊಳ್ಳಲಿ.